ಅತಿಥಿ ಎಲ್ಲದಕ್ಕೂ ‘ಯಸ್’ ಅಂದರೆ: ಚೆಕ್-ಇನ್‌ಗೆ ಸಾಕಾಗುವ ಸಣ್ಣ ವಾಕ್ಯಗಳು

ಪ್ರಶ್ನೆ: ಹೋಟೆಲ್ ರಿಸೆಪ್ಷನ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಬರುವ ವಿದೇಶಿ ಅತಿಥಿಗಳಲ್ಲಿ ಹಲವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನದೂ ಹೇಳಿಕೊಳ್ಳುವಂಥದ್ದಲ್ಲ. ಏನು ಕೇಳಿದರೂ ‘ಯಸ್, ಯಸ್’ ಅನ್ನುತ್ತಾರೆ. ಅರ್ಧ ಗಂಟೆ ಬಿಟ್ಟು ಕೆಳಗೆ ಬಂದು ತಕರಾರು ತೆಗೆಯುತ್ತಾರೆ. ಚೆಕ್-ಇನ್ ಮುಗಿಸುವ ಮಟ್ಟಿಗೆ ಬಾಯಲ್ಲಿ ಆಡಬಹುದಾದ ಸುಲಭ ವಾಕ್ಯಗಳನ್ನು ಹೇಳಿಕೊಡುತ್ತೀರಾ?

ಉತ್ತರ: ಆ ‘ಯಸ್’ನಿಂದಲೇ ಶುರು ಮಾಡೋಣ, ನಿಮ್ಮ ತಕರಾರುಗಳ ಬೇರು ಅಲ್ಲಿದೆ. ಭಾಷೆ ಸರಿಯಾಗಿ ಬಾರದ ಅತಿಥಿ ‘ಯಸ್’ ಅಂದರೆ ಒಪ್ಪಿದರು ಅಂತಲೇ ಆಗಬೇಕಿಲ್ಲ. ‘ನೀವು ಮಾತಾಡಿದ್ದು ಕಿವಿಗೆ ಬಿತ್ತು’ ಅಂತ ಇರಬಹುದು. ‘ಅರ್ಥವಾಗಲಿಲ್ಲ, ಆದರೆ ಸುಸ್ತಾಗಿದೆ, ಹಿಂದೆ ಜನ ನಿಂತಿದ್ದಾರೆ, ಬೇಗ ಕೀಲಿ ಕೊಟ್ಟುಬಿಡಿ’ ಅಂತಲೂ ಇರಬಹುದು. ಹಾಗಾಗಿ ವಾಕ್ಯಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ಅಭ್ಯಾಸ ಬೆಳೆಸಿಕೊಳ್ಳಿ: ‘ಯಸ್’ ಎಂದು ಜಾರಿಕೊಳ್ಳಲು ಎಡೆಯಿಲ್ಲದ ಪ್ರಶ್ನೆಯನ್ನೇ ಕೇಳಿ. ‘ಆರ್ ಯು ಸ್ಟೇಯಿಂಗ್ ತ್ರೀ ನೈಟ್ಸ್?’ ಎಂದರೆ ‘ಯಸ್’ ಬರುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ‘ಹೌ ಮೆನಿ ನೈಟ್ಸ್?’ ಎಂದರೆ ಒಂದು ಅಂಕಿ ಬರಲೇಬೇಕು. ಅದಕ್ಕೂ ‘ಯಸ್’ ಬಂತೋ, ಪ್ರಶ್ನೆ ತಲುಪಿಲ್ಲ ಎಂದು ಆ ಕ್ಷಣವೇ ಗೊತ್ತಾಯಿತು. ತಪ್ಪು ಕೌಂಟರ್‌ನಲ್ಲೇ ಬಯಲಾದರೆ ಅದನ್ನು ಸರಿಪಡಿಸಲು ಅರ್ಧ ನಿಮಿಷ ಸಾಕು.

ಮೂರು ಬಗೆಯ ಪ್ರಶ್ನೆಗಳನ್ನು ಪೂರ್ತಿ ಬಿಟ್ಟುಬಿಡಿ. ಮೊದಲನೆಯದು ‘ಇಲ್ಲವಾ’ ಧಾಟಿಯ ಪ್ರಶ್ನೆ. ‘ಯು ಡೋಂಟ್ ಹ್ಯಾವ್ ಎ ಬುಕಿಂಗ್?’ ಎಂದು ಕೇಳಿದರೆ ಜಪಾನಿ, ಕೊರಿಯನ್, ಚೀನೀ ಭಾಷಿಕರು ತಮ್ಮ ಭಾಷೆಯ ಕ್ರಮದಲ್ಲಿ ‘ಯಸ್’ ಎನ್ನಬಹುದು. ಅಂದರೆ ‘ನೀವು ಹೇಳಿದ್ದು ಸರಿ, ಇಲ್ಲ’ ಎಂದರ್ಥ. ನೀವು ಬುಕಿಂಗ್ ಇದೆ ಎಂದುಕೊಂಡು ಹತ್ತು ನಿಮಿಷ ಕಂಪ್ಯೂಟರ್‌ನಲ್ಲಿ ಹುಡುಕುತ್ತೀರಿ. ‘ಡು ಯು ಹ್ಯಾವ್ ಎ ಬುಕಿಂಗ್?’ ಎಂದು ನೇರವಾಗಿ ಕೇಳಿ, ಜೊತೆಗೇ ‘ಶೋ ಮೀ, ಪ್ಲೀಸ್’ ಎಂದು ಅವರ ಮೊಬೈಲ್ ಕಡೆ ಅಂಗೈ ತೋರಿಸಿ. ಎರಡನೆಯದು ‘ಇದಾ ಅದಾ’ ಪ್ರಶ್ನೆ. ‘ಕ್ಯಾಶ್ ಆರ್ ಕಾರ್ಡ್?’ ಎಂಬುದಕ್ಕೂ ‘ಯಸ್’ ಬರುವುದುಂಟು, ಏಕೆಂದರೆ ಆ ಪುಟ್ಟ ‘ಆರ್’ ಕಿವಿಗೆ ಬೀಳುವುದೇ ಇಲ್ಲ. ‘ಕ್ಯಾಶ್?’ ಎಂದು ಎಡಗಡೆ ಕೈ ತೋರಿಸಿ, ಒಂದು ಉಸಿರು ನಿಂತು, ‘ಕಾರ್ಡ್?’ ಎಂದು ಬಲಗಡೆ ಕಾರ್ಡ್ ಮಷಿನ್ ತೋರಿಸಿ. ಮೂರನೆಯದು ವಿನಯದ ಹೊದಿಕೆ ಹಾಕಿದ ಪ್ರಶ್ನೆ. ‘ವುಡ್ ಯು ಮೈಂಡ್ ಫಿಲ್ಲಿಂಗ್ ಔಟ್ ದಿಸ್ ಫಾರ್ಮ್?’ ಎನ್ನುವಲ್ಲಿ ಅತಿಥಿಗೆ ಗುರುತಾಗುವುದು ‘ಫಾರ್ಮ್’ ಒಂದೇ. ‘ಪ್ಲೀಸ್ ರೈಟ್ ಹಿಯರ್’ ಎಂದರೆ ಯಾರೂ ಒರಟು ಅಂದುಕೊಳ್ಳುವುದಿಲ್ಲ. ಮರ್ಯಾದೆಯನ್ನು ‘ಪ್ಲೀಸ್’ ಮತ್ತು ಮುಖಭಾವ ಹೊತ್ತುಕೊಳ್ಳುತ್ತವೆ, ಉದ್ದ ವಾಕ್ಯ ಬೇಕಿಲ್ಲ.

ಹೇಳುವ ರೀತಿಯ ಬಗ್ಗೆಯೂ ಎರಡು ಮಾತು. ಒಂದು ವಾಕ್ಯದಲ್ಲಿ ಒಂದೇ ವಿಷಯವಿರಲಿ, ಐದಾರು ಪದ ಮೀರದಿರಲಿ. ನಿಧಾನ ಅಂದರೆ ಪದಗಳನ್ನು ರಬ್ಬರಿನಂತೆ ಎಳೆಯಬೇಡಿ, ಎಳೆದ ಪದ ಗುರುತೇ ಸಿಗುವುದಿಲ್ಲ. ವಾಕ್ಯವನ್ನು ಸಹಜ ವೇಗದಲ್ಲಿ ಹೇಳಿ, ವಾಕ್ಯ ಮುಗಿದ ಮೇಲೆ ಎರಡು ಸೆಕೆಂಡ್ ಸುಮ್ಮನಿರಿ. ಕೇಳಿದ್ದನ್ನು ಮನಸ್ಸಿನಲ್ಲಿ ತಮ್ಮ ಭಾಷೆಗೆ ತಂದುಕೊಳ್ಳಲು ಅವರಿಗೆ ಬೇಕಿರುವುದು ಆ ಎರಡು ಸೆಕೆಂಡೇ. ಅರ್ಥವಾಗಲಿಲ್ಲ ಅನ್ನಿಸಿದರೆ ಅದೇ ವಾಕ್ಯವನ್ನು, ಅದೇ ಪದಗಳಲ್ಲಿ, ಇನ್ನೊಮ್ಮೆ ಹೇಳಿ. ಇಲ್ಲಿ ಬಹಳ ಜನ ಎಡವುತ್ತಾರೆ. ‘ಚೆಕ್-ಔಟ್ ಈಸ್ ಇಲೆವೆನ್’ ಅರ್ಥವಾಗದಿದ್ದಾಗ ಥಟ್ಟನೆ ‘ಯು ಹ್ಯಾವ್ ಟು ವೆಕೇಟ್ ಬೈ ಇಲೆವೆನ್’ ಎನ್ನುತ್ತಾರೆ. ಅತಿಥಿ ಮೊದಲ ವಾಕ್ಯವನ್ನು ಅರ್ಧ ಬಿಡಿಸಿಕೊಂಡಿರುತ್ತಾರೆ, ಅಷ್ಟರಲ್ಲಿ ಹೊಸದೊಂದು ಬಂದು ಎರಡೂ ಕೆಟ್ಟವು. ಎರಡನೇ ಸಲವೂ ತಲುಪದಿದ್ದರೆ ಮೂರನೇ ಸಲ ಬಾಯಿ ಬಿಟ್ಟು ಪೆನ್ನು ಹಿಡಿಯಿರಿ. ದನಿ ಏರಿಸುವುದರಿಂದ ಏನೂ ಗಿಟ್ಟುವುದಿಲ್ಲ. ಅವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

ಈಗ ಅತಿಥಿ ಬಾಗಿಲಿಂದ ಒಳಗೆ ಬಂದರು ಎಂದುಕೊಳ್ಳಿ.

‘ಹಲೋ. ವೆಲ್‌ಕಮ್.’
‘ಚೆಕ್-ಇನ್?’
‘ಪಾಸ್‌ಪೋರ್ಟ್, ಪ್ಲೀಸ್.’

‘ಹೌ ವಾಸ್ ಯುವರ್ ಜರ್ನಿ’ ಎಂಬ ಉಪಚಾರ ಇಂಗ್ಲಿಷ್ ಬಲ್ಲವರಿಗೆ ಸರಿ. ಬಾರದವರಿಗೆ ಅದು ಮೊದಲ ವಾಕ್ಯದಲ್ಲೇ ಪರೀಕ್ಷೆಗೆ ಕೂರಿಸಿದಂತಾಗುತ್ತದೆ. ಹಾಗೆಯೇ ‘ಯುವರ್ ಗುಡ್ ನೇಮ್’ ಎಂದು ಕೇಳಬೇಡಿ. ನಮ್ಮ ಕಿವಿಗೆ ಸಹಜವಾದ ಆ ‘ಗುಡ್’ ಹೊರಗಿನವರಿಗೆ ಒಗಟು. ಹೆಸರನ್ನು ಬಾಯಲ್ಲಿ ಕೇಳುವ ಅಗತ್ಯವೂ ಇಲ್ಲ, ಪಾಸ್‌ಪೋರ್ಟ್ ನಿಮ್ಮ ಕೈಗೆ ಬಂದಿದೆ.

ಹೆಸರಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ‘ಬುಕಿಂಗ್ ಸಿಗುತ್ತಿಲ್ಲ’ ಎಂಬ ಗೊಂದಲ ಎಷ್ಟೋ ಸಲ ಬರಿಯ ಹೆಸರಿನ ಗೊಂದಲ. ಚೀನಾ, ಜಪಾನ್, ಕೊರಿಯಾ, ವಿಯೆಟ್ನಾಂ, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ಸಾಮಾನ್ಯವಾಗಿ ಮನೆತನದ ಹೆಸರೇ ಎರಡಿರುತ್ತದೆ. ಬುಕಿಂಗ್ ವೆಬ್‌ಸೈಟ್ ಒಂದೊಂದು ಹೆಸರನ್ನು ಒಂದೊಂದು ಖಾನೆಗೆ ತುಂಬಿರುತ್ತದೆ. ಯಾವುದು ಯಾವುದೆಂದು ಅತಿಥಿಯನ್ನು ಕೇಳಿ ಕೂರುವ ಬದಲು ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟದ ತಳ ನೋಡಿ. ಅಲ್ಲಿ ಬಾಣದ ಗುರುತುಗಳು ತುಂಬಿದ ಎರಡು ಸಾಲುಗಳಿರುತ್ತವೆ. ಮೇಲಿನ ಸಾಲಿನ ಆರಂಭ ಹೀಗಿರುತ್ತದೆ:

```
P<UTOGARCIA<LOPEZ<<MARIA<<<<
```

ಆರಂಭದ `P<` ಪಾಸ್‌ಪೋರ್ಟ್‌ನ ಗುರುತು. ಮುಂದಿನ ಮೂರು ಸ್ಥಾನ ದೇಶದ್ದು; ಇಲ್ಲಿರುವ `UTO` ಮಾದರಿಗೆಂದೇ ಇಟ್ಟ ಕಾಲ್ಪನಿಕ ದೇಶ. ಆಮೇಲೆ ಬರುವುದು ಮನೆತನದ ಹೆಸರು. ಒಂಟಿ ಬಾಣ ಇದ್ದರೆ ಅದೇ ಹೆಸರಿನ ಎರಡು ಪದಗಳ ನಡುವಿನ ಜಾಗ, ಜೋಡಿ ಬಾಣ ಬಂದಲ್ಲಿ ಮನೆತನದ ಹೆಸರು ಮುಗಿದು ಸ್ವಂತ ಹೆಸರು ಶುರು. ಅಂದರೆ ಈ ಅತಿಥಿಯನ್ನು ಗಾರ್ಸಿಯಾ, ಲೋಪೆಜ್, ಮಾರಿಯಾ ಈ ಮೂರರ ಅಡಿಯಲ್ಲೂ ಹುಡುಕಿ ನೋಡಿ, ಆಮೇಲಷ್ಟೇ ಬುಕಿಂಗ್ ಇಲ್ಲ ಎನ್ನಿ. ಜರ್ಮನ್ ಪಾಸ್‌ಪೋರ್ಟ್ ಕಂಡಾಗ ಮಾತ್ರ ಗಲಿಬಿಲಿಯಾಗಬೇಡಿ: ಅವರ ದೇಶದ ಗುರುತು ಒಂದೇ ಅಕ್ಷರ, ಹಾಗಾಗಿ ಅಲ್ಲಿ `D<<` ಎಂದಿರುತ್ತದೆ. ಆ ಜೋಡಿ ಬಾಣ ಹೆಸರಿನದಲ್ಲ.

ಬೇರೆಯವರ ಹೆಸರಿನಲ್ಲಿ ಬುಕ್ ಆಗಿರಬಹುದು ಅನ್ನಿಸಿದರೆ ‘ಹೂ ಮೇಡ್ ದ ಬುಕಿಂಗ್?’ ಎಂದು ಕೇಳಿ, ಕಾಗದ ಮುಂದಿಟ್ಟು ‘ರೈಟ್ ನೇಮ್, ಪ್ಲೀಸ್’ ಎನ್ನಿ. ಸ್ಪೆಲಿಂಗ್ ಬಾಯಲ್ಲಿ ಕೇಳಿಸಿಕೊಳ್ಳಲು ಹೋಗಬೇಡಿ. ಸ್ಪ್ಯಾನಿಷ್, ಇಟಾಲಿಯನ್ ಭಾಷಿಕರ ಬಾಯಲ್ಲಿ ‘ಈ’ ಅಂದರೆ `I` ಅಕ್ಷರ, ‘ಎ’ ಅಂದರೆ `E`. ನೀವು ಇಂಗ್ಲಿಷ್ ಲೆಕ್ಕದಲ್ಲಿ ಬರೆದುಕೊಂಡರೆ ಎರಡೂ ತಪ್ಪು. ಫ್ರೆಂಚರಲ್ಲಿ `G` ಅಕ್ಷರದ ಹೆಸರು ‘ಜೇ’ಯಂತೆ, `J` ಅಕ್ಷರದ ಹೆಸರು ‘ಜೀ’ಯಂತೆ ಕೇಳಿಸುತ್ತದೆ, ಇಂಗ್ಲಿಷ್‌ಗೆ ನೇರ ತಿರುಗುಮುರುಗು. ನಮ್ಮ ಕಡೆಯಿಂದಲೂ ಒಂದು ತೊಡಕಿದೆ: `L`, `M`, `N` ಅಕ್ಷರಗಳನ್ನು ‘ಯಲ್, ಯಮ್, ಯನ್’ ಎಂದುಬಿಡುತ್ತೇವೆ, ಕೇಳುವವರು ಮುಂದೊಂದು `Y` ಇದೆ ಎಂದುಕೊಳ್ಳುತ್ತಾರೆ.

ಪಾಸ್‌ಪೋರ್ಟ್ ಕೈಯಲ್ಲಿ ಇರುವಾಗಲೇ ಅದರ ನಕಲಿನ ಕೆಲಸ ಮುಗಿಸಿ. ಪಾಸ್‌ಪೋರ್ಟ್ ಕಣ್ಮರೆಯಾದರೆ ಯಾವ ಪ್ರಯಾಣಿಕರಿಗೂ ಎದೆ ಧಸಕ್ಕೆನ್ನುತ್ತದೆ, ಅದಕ್ಕೇ ಎದ್ದು ಹೋಗುವ ಮೊದಲೇ ಹೇಳಿ:

‘ಐ ಮೇಕ್ ಎ ಕಾಪಿ.’
‘ಟೂ ಮಿನಿಟ್ಸ್.’
‘ಐ ಗಿವ್ ಇಟ್ ಬ್ಯಾಕ್.’

‘ಜೆರಾಕ್ಸ್’ ಎಂಬ ಪದ ನಮ್ಮಲ್ಲಿ ನಡೆಯುತ್ತದೆ, ಹೊರಗಿನ ಬಹಳ ಮಂದಿಗೆ ಅದೊಂದು ಕಂಪನಿಯ ಹೆಸರಷ್ಟೇ. ‘ಕಾಪಿ’ ಎಲ್ಲರಿಗೂ ತಿಳಿಯುತ್ತದೆ. ಮರಳಿ ಕೊಡುವಾಗ ‘ಯುವರ್ ಪಾಸ್‌ಪೋರ್ಟ್. ಥ್ಯಾಂಕ್ ಯು’ ಎಂದು ಕೈಗೇ ಕೊಡಿ. ಫಾರ್ಮ್‌ನ ಕೆಳಗೆ ಸಹಿ ಬೇಕಾದಾಗ ‘ಸೈನ್ ಹಿಯರ್’ ಎಂದರೆ ಕೆಲವರು ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದಿಡುತ್ತಾರೆ. ಗೆರೆಯ ಮೇಲೆ ಪೆನ್ನಿನ ತುದಿಯಿಟ್ಟು ‘ಸಿಗ್ನೇಚರ್. ಸೇಮ್ ಆ್ಯಸ್ ಪಾಸ್‌ಪೋರ್ಟ್’ ಎಂದು ಅದರಲ್ಲಿರುವ ಸಹಿ ತೋರಿಸಿದರೆ ಗೊಂದಲವಿಲ್ಲ.

ಇನ್ನು ದಿನಾಂಕ. ಇದನ್ನು ಬಾಯಲ್ಲಷ್ಟೇ ಬಿಟ್ಟರೆ ಕೆಡುತ್ತದೆ. 05/06 ಎಂದು ಬರೆದದ್ದನ್ನು ಬಹುತೇಕ ದೇಶದವರು ಜೂನ್ 5 ಎಂದು ಓದಿದರೆ ಅಮೆರಿಕದವರು ಮೇ 6 ಎನ್ನುತ್ತಾರೆ. ಚೀನಾ, ಜಪಾನ್, ಕೊರಿಯಾದವರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯುವುದರಿಂದ ವರ್ಷವಿಲ್ಲದ ಎರಡು ಅಂಕಿ ಕಂಡರೆ ಅವರೂ ಮೊದಲನೆಯದನ್ನೇ ತಿಂಗಳೆಂದು ತಿಳಿಯಬಹುದು. ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ, `5 JUN` ಎಂದು. ಎಷ್ಟು ರಾತ್ರಿ ಎಂದು ಕೇಳಿ ಬಿಟ್ಟರೂ ಸಾಲದು. 5ಕ್ಕೆ ಬಂದು 8ಕ್ಕೆ ಹೋಗುವವರು ದಿನ ಎಣಿಸಿ ‘ಫೋರ್’ ಎನ್ನಬಹುದು, ಹೋಟೆಲ್‌ನ ಲೆಕ್ಕದಲ್ಲಿ ಅದು ಮೂರು ರಾತ್ರಿ. ಮೇಜಿನ ಮೇಲೆ ಒಂದು ಕ್ಯಾಲೆಂಡರ್ ಇಟ್ಟುಕೊಳ್ಳಿ. ‘ಟುಡೇ’ ಎಂದು ಇಂದಿನ ತಾರೀಖಿನ ಮೇಲೆ ಬೆರಳಿಡಿ. ‘ಯು ಗೋ, ವಿಚ್ ಡೇ? ಶೋ ಮೀ’ ಎಂದು ಪೆನ್ನು ಅವರ ಕೈಗೆ ಕೊಡಿ. ಅವರು ತೋರಿಸಿದ ದಿನವೂ ನಿಮ್ಮ ಪರದೆಯ ಮೇಲಿರುವ ದಿನವೂ ಬೇರೆಯಾಗಿದ್ದರೆ ಈಗಲೇ ಗೊತ್ತಾಗುತ್ತದೆ, ಹೊಸ ಅತಿಥಿ ಅದೇ ರೂಮಿನ ಬಾಗಿಲಲ್ಲಿ ನಿಂತಾಗ ಗೊತ್ತಾಗುವ ಫಜೀತಿ ತಪ್ಪುತ್ತದೆ. ‘ಚೆಕ್-ಔಟ್’ ಎಂಬ ಪದವನ್ನು ಇದೇ ಹೊತ್ತಿಗೆ ಅದೇ ತಾರೀಖಿಗೆ ಅಂಟಿಸಿಬಿಡಿ: ‘ಯಸ್. ಏಟ್ ಜೂನ್. ಚೆಕ್-ಔಟ್.’

ರೂಮಿನ ಬಗೆಗೆ ‘ಡಬಲ್’, ‘ಟ್ವಿನ್’ ಎಂಬ ಹೋಟೆಲ್ ಮಾತುಗಳನ್ನು ಮರೆತುಬಿಡಿ. ‘ಡಬಲ್’ ಅಂದರೆ ಇಬ್ಬರ ರೂಮ್ ಎಂದಷ್ಟೇ ತಿಳಿದು ಎರಡು ಮಂಚ ಇರುತ್ತದೆಂದು ನಂಬಿ ಬರುವವರು ಬೇಕಾದಷ್ಟು. ‘ಒನ್ ಬಿಗ್ ಬೆಡ್’ ಎನ್ನಿ, ಇಲ್ಲವೇ ‘ಟೂ ಬೆಡ್ಸ್’ ಎನ್ನಿ, ಎರಡೂ ಬಗೆಯ ರೂಮಿನ ಫೋಟೊ ಮುದ್ರಿಸಿಟ್ಟುಕೊಂಡು ‘ಯುವರ್ ರೂಮ್, ದಿಸ್’ ಎಂದು ತೋರಿಸಿ. ಊಟದ ವಿಷಯದಲ್ಲೂ ‘ಹಾಫ್ ಬೋರ್ಡ್’ ಬೇಡ, ‘ಬ್ರೇಕ್‌ಫಾಸ್ಟ್ ಆ್ಯಂಡ್ ಡಿನ್ನರ್’ ಸಾಕು. ‘ಕಾಂಪ್ಲಿಮೆಂಟರಿ’ ಎಂಬ ಜಂಬದ ಪದಕ್ಕೆ ಬದಲು ‘ಫ್ರೀ. ನೋ ಮನಿ’ ಎಂದರೆ ಮಾತು ಮುಗಿಯಿತು.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಹಣದಲ್ಲಿ, ಅದರಲ್ಲೂ ಡಿಪಾಸಿಟ್‌ನಲ್ಲಿ. ಒಂದು ಲೆಕ್ಕ ಹಿಡಿದು ನೋಡೋಣ. ರಾತ್ರಿಗೆ 80ರಂತೆ ಮೂರು ರಾತ್ರಿ, ರೂಮಿನ ಹಣ 240. ಡಿಪಾಸಿಟ್ 100. ಅವಸರದಲ್ಲಿ ರಿಸೆಪ್ಷನಿಸ್ಟ್ ‘ಟೋಟಲ್ ತ್ರೀ ಫಾರ್ಟಿ’ ಎಂದು ಮಷಿನ್‌ನಲ್ಲಿ ಒತ್ತಿಬಿಡುತ್ತಾರೆ. ಅತಿಥಿಯ ಮೊಬೈಲ್‌ನಲ್ಲಿರುವ ಬುಕಿಂಗ್ 240 ಎನ್ನುತ್ತದೆ. ಅವರು ಕೌಂಟರ್‌ನಲ್ಲಿ ‘ಯಸ್’ ಎಂದು ಪಿನ್ ಒತ್ತಿ ಮೇಲೆ ಹೋಗುತ್ತಾರೆ, ಬ್ಯಾಂಕಿನಿಂದ 340ರ ಸಂದೇಶ ಬಂದಿದ್ದನ್ನು ನೋಡಿ ಮೋಸ ಹೋದೆವೆಂದು ಇಳಿದು ಬರುತ್ತಾರೆ. ಆಗ ಎಷ್ಟು ವಿವರಿಸಿದರೂ ನೆಪ ಹೇಳಿದ ಹಾಗೇ ಕೇಳಿಸುತ್ತದೆ.

ಮೊದಲೇ ಒಂದು ಚೀಟಿಯಲ್ಲಿ ಎರಡು ಸಾಲು ಬರೆಯಿರಿ:

```
ROOM     240   PAY
DEPOSIT  100   BACK
```

ಮೊದಲ ಸಾಲಿನ ಮೇಲೆ ಬೆರಳಿಟ್ಟು ‘ರೂಮ್. ಟೂ ಫೋರ್ ಝೀರೊ. ಯು ಪೇ’ ಎನ್ನಿ. ನಿಲ್ಲಿ. ಎರಡನೇ ಸಾಲಿಗೆ ಬೆರಳು ಇಳಿಸಿ ‘ಡಿಪಾಸಿಟ್. ಒನ್ ಝೀರೊ ಝೀರೊ. ಯು ಗೆಟ್ ಇಟ್ ಬ್ಯಾಕ್’ ಎಂದು, ‘ಬ್ಯಾಕ್’ ಎನ್ನುವಾಗ ಕೈಯನ್ನು ನಿಮ್ಮಿಂದ ಅವರ ಕಡೆಗೆ ಚಾಚಿ. ಕ್ಯಾಲೆಂಡರ್‌ನಲ್ಲಿ ಆಗಲೇ ಗುರುತು ಹಾಕಿದ ಚೆಕ್-ಔಟ್ ದಿನವನ್ನು ಮತ್ತೊಮ್ಮೆ ತೋರಿಸಿ. ಮಷಿನ್‌ನಲ್ಲೂ ಇವೆರಡನ್ನು ಬೇರೆ ಬೇರೆಯಾಗಿಯೇ ಮಾಡಿ, ಎರಡು ರಸೀದಿ ಬರಲಿ.

ನಗದು ಡಿಪಾಸಿಟ್ ಆದರೆ ಇಷ್ಟು ಸಾಕು. ಕಾರ್ಡ್‌ನಲ್ಲಿ ಹಣವನ್ನು ತಡೆಹಿಡಿಯುವ ಪದ್ಧತಿಯಾದರೆ ಇನ್ನೊಂದು ಮಾತು ಹೇಳಲೇಬೇಕು. ಹಾಗೆ ತಡೆಹಿಡಿದ ಹಣ ಹೋಟೆಲ್ ಖಾತೆಗೆ ಬರುವುದಿಲ್ಲ, ಆದರೆ ಅತಿಥಿಗೆ ಬಳಸಲೂ ಸಿಗುವುದಿಲ್ಲ. ಹೋಟೆಲ್ ಬಿಡುಗಡೆ ಮಾಡಿದ ಮೇಲೂ ಅದು ಖಾತೆಯಲ್ಲಿ ಮತ್ತೆ ಕಾಣಿಸಲು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ ಬೇರೆ ಸಮಯ ಹಿಡಿಯುತ್ತದೆ, ಕೆಲವೊಮ್ಮೆ ಹಲವು ದಿನ. ಡೆಬಿಟ್ ಕಾರ್ಡ್ ಆದರೆ ಅವರ ಸ್ವಂತ ಹಣವೇ ಅಷ್ಟು ದಿನ ಕಟ್ಟಿಬಿದ್ದಿರುತ್ತದೆ, ಅದೇ ಹಣ ಅವರ ಮುಂದಿನ ಊರಿನ ಖರ್ಚಿನದೂ ಆಗಿರಬಹುದು. ಹಾಗಾಗಿ:

‘ವಿ ಡೋಂಟ್ ಟೇಕ್ ದಿಸ್ ಮನಿ.’
‘ದ ಬ್ಯಾಂಕ್ ಹೋಲ್ಡ್ಸ್ ಇಟ್.’
‘ಆಫ್ಟರ್ ಚೆಕ್-ಔಟ್, ಸಮ್ ಡೇಸ್. ದೆನ್ ಓಕೆ.’

‘ಟುಮಾರೊ ಬ್ಯಾಕ್’ ಎಂದು ಮಾತು ಕೊಡಬೇಡಿ, ಬ್ಯಾಂಕಿನ ಕೆಲಸಕ್ಕೆ ನೀವು ಜಾಮೀನು ನಿಲ್ಲಲಾಗದು. ಡೆಬಿಟ್ ಕಾರ್ಡ್ ಎಂದು ಕಂಡರೆ, ನಿಮ್ಮಲ್ಲಿ ಅವಕಾಶವಿದ್ದಲ್ಲಿ ‘ಕ್ಯಾಶ್ ಡಿಪಾಸಿಟ್ ಈಸ್ ಓಕೆ’ ಎಂದು ಕೇಳಿ ನೋಡಿ.

ಮೇಲಿನ ಲೆಕ್ಕದಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಿದ್ದನ್ನು ಗಮನಿಸಿರಬಹುದು. ‘ಫಿಫ್ಟೀನ್’ ಮತ್ತು ‘ಫಿಫ್ಟಿ’, ‘ಥರ್ಟೀನ್’ ಮತ್ತು ‘ಥರ್ಟಿ’ ಇವುಗಳ ನಡುವಿನ ವ್ಯತ್ಯಾಸವೆಲ್ಲ ಒತ್ತಿನಲ್ಲಿದೆ, ಕೊನೆಯ ಒಂದು ಕ್ಷೀಣ ದನಿಯಲ್ಲಿದೆ. ಇಂಗ್ಲಿಷ್ ಮನೆಮಾತಲ್ಲದ ಇಬ್ಬರ ನಡುವೆ ಅದು ಉಳಿಯುವುದಿಲ್ಲ. ರೂಮ್ 415 ಆದರೆ ‘ಫೋರ್, ಒನ್, ಫೈವ್’ ಎಂದು ಹೇಳಿ, ಕೀಲಿಯ ಲಕೋಟೆಯ ಮೇಲೆ ಬರೆದೂ ಕೊಡಿ. ಬಾಯಲ್ಲಿ ಹೇಳದೆ ಬರೆದು ಮಾತ್ರ ತೋರಿಸಿದರೆ ಇನ್ನೊಂದು ಲಾಭವಿದೆ, ರೂಮ್ ನಂಬರ್ ಪಕ್ಕದಲ್ಲಿ ನಿಂತವರ ಕಿವಿಗೆ ಬೀಳುವುದಿಲ್ಲ. ಒಬ್ಬರೇ ಬಂದಿರುವ ಅತಿಥಿಗಳಿಗಂತೂ ನಂಬರನ್ನು ಬಾಯಲ್ಲಿ ಹೇಳಲೇ ಬೇಡಿ; ‘ಯುವರ್ ರೂಮ್’ ಎಂದು ಲಕೋಟೆ ತೋರಿಸಿ. ಬೆರಳೆಣಿಕೆಯನ್ನೂ ನೆಚ್ಚಬೇಡಿ. ಜರ್ಮನಿಯವರು ಹೆಬ್ಬೆರಳಿನಿಂದ ಎಣಿಸಲು ಶುರು ಮಾಡುತ್ತಾರೆ, ಹೆಬ್ಬೆರಳು ಮತ್ತು ತೋರುಬೆರಳು ಎತ್ತಿದರೆ ಅದು ಎರಡು. ಚೀನಾದವರು ಆರರಿಂದ ಹತ್ತರವರೆಗೂ ಒಂದೇ ಕೈಯಲ್ಲಿ ತೋರಿಸುತ್ತಾರೆ, ಅವರ ಎಂಟಕ್ಕೂ ಹೆಚ್ಚುಕಡಿಮೆ ಅದೇ ಎರಡು ಬೆರಳು. ತಲೆಯಾಟವೂ ಅಷ್ಟೇ: ಬಲ್ಗೇರಿಯಾದವರು ಕತ್ತನ್ನು ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’ ಎಂದಿರಬಹುದು, ನಾವು ಪಕ್ಕಕ್ಕೆ ತೂಗುವ ತಲೆ ಹಲವರಿಗೆ ಬೇಡವೆಂದಂತೆ ಕಾಣುತ್ತದೆ. ಮಾತಾಡುವಾಗ ತಲೆ ನೆಟ್ಟಗಿರಲಿ, ಅಂಕಿ ಕಾಗದದ ಮೇಲಿರಲಿ.

ಮಹಡಿಯ ಲೆಕ್ಕದಲ್ಲಿ ಅತಿಥಿ ಯಾವ ದೇಶದವರು ಎಂಬುದು ಮುಖ್ಯವಾಗುತ್ತದೆ. ಅಮೆರಿಕ, ರಷ್ಯಾ, ಚೀನಾ, ಜಪಾನ್‌ಗಳಲ್ಲಿ ನೆಲದ ಮಟ್ಟದ ಮಹಡಿಯೇ ಮೊದಲನೆಯದು; ಯುರೋಪಿನ ಬಹುಭಾಗದಲ್ಲಿ ಅದರ ಮೇಲಿನದು. ‘ಫಸ್ಟ್ ಫ್ಲೋರ್’ ಎಂದರೆ ಅರ್ಧ ಜನ ನಿಮ್ಮ ಕೌಂಟರ್ ಇರುವ ಮಹಡಿಯಲ್ಲೇ ರೂಮ್ ಹುಡುಕುತ್ತಾರೆ. ‘ಲಿಫ್ಟ್. ಪ್ರೆಸ್ ಫೋರ್’ ಎನ್ನಿ, ಒತ್ತಬೇಕಾದ ಗುಂಡಿಯ ಅಂಕಿಯನ್ನೇ ಹೇಳಿದರೆ ಮಹಡಿಯ ತರ್ಕ ಯಾರದ್ದಾದರೂ ಇರಲಿ. ಅಮೆರಿಕದ ಇಂಗ್ಲಿಷ್ ಕಲಿತವರಿಗೆ ‘ಎಲಿವೇಟರ್’ ಎಂದರೆ ಬೇಗ ಹೊಳೆಯುತ್ತದೆ. ಕೈ ತೋರಿಸಿದರೆ ಯಾವ ಪದವಾದರೂ ನಡೆಯುತ್ತದೆ.

ಕೀಲಿ ಕೊಡುವಾಗ ನಮ್ಮವರು ಒಂದೇ ಉಸಿರಿನಲ್ಲಿ ತಿಂಡಿ, ವೈ-ಫೈ, ಚೆಕ್-ಔಟ್, ಜಿಮ್, ಲಾಂಡ್ರಿ ಎಲ್ಲ ಒಪ್ಪಿಸಿಬಿಡುತ್ತಾರೆ. ಬಾಯಲ್ಲಿ ಮೂರೇ ವಿಷಯ ಹೇಳಿ, ಉಳಿದದ್ದು ಕಾರ್ಡ್‌ನಲ್ಲಿ ಇರಲಿ.

‘ಬ್ರೇಕ್‌ಫಾಸ್ಟ್, ಸೆವೆನ್ ಟು ಟೆನ್. ದೇರ್.’
‘ವೈ-ಫೈ, ಹಿಯರ್.’
‘ಚೆಕ್-ಔಟ್, ಇಲೆವೆನ್, ಮಾರ್ನಿಂಗ್.’

ಅಂಗೈ ಅಗಲದ ಒಂದು ದಪ್ಪ ಕಾಗದದಲ್ಲಿ ಬಟ್ಟಲಿನ ಚಿತ್ರದ ಪಕ್ಕ `7:00 - 10:00`, ಸೂಟ್‌ಕೇಸ್ ಚಿತ್ರದ ಪಕ್ಕ `11:00`, ವೈ-ಫೈ ಗುರುತಿನ ಪಕ್ಕ ಹೆಸರು ಮತ್ತು ಪಾಸ್‌ವರ್ಡ್ ಮುದ್ರಿಸಿಟ್ಟರೆ ಈ ಮೂರು ವಾಕ್ಯಗಳನ್ನು ಅದರ ಮೇಲೆ ಬೆರಳಾಡಿಸುತ್ತಲೇ ಹೇಳಬಹುದು. ಸಂಜೆಯ ಸಮಯವಿದ್ದರೆ 24 ಗಂಟೆಯ ಕ್ರಮದಲ್ಲಿ `19:00` ಎಂದೇ ಮುದ್ರಿಸಿ. ‘ಹಾಫ್ ಸೆವೆನ್’ ಎಂಬ ಬ್ರಿಟಿಷ್ ಮಾತು ಏಳೂವರೆ, ಜರ್ಮನ್ ಭಾಷೆಯಲ್ಲಿ ಅದೇ ಪದಗಳು ಸೇರಿದರೆ ಆರೂವರೆ. ಹಾಗಾಗಿ ಅರ್ಧವನ್ನು ‘ಸೆವೆನ್ ಥರ್ಟಿ’ ಎಂದು ಹೇಳಿ ಅಂಕಿ ತೋರಿಸಿ. ವೈ-ಫೈ ಪಾಸ್‌ವರ್ಡ್ ಬದಲಿಸುವ ಅಧಿಕಾರ ನಿಮ್ಮ ಮ್ಯಾನೇಜರ್‌ಗೆ ಇದ್ದರೆ, ಎಲ್ಲ ಅಂಕಿಗಳನ್ನೇ ಇಡಲು ಕೇಳಿಕೊಳ್ಳಿ. ಸೊನ್ನೆಯೋ `O` ಅಕ್ಷರವೋ, ಒಂದೋ ಸಣ್ಣ `l` ಅಕ್ಷರವೋ ಎಂಬ ಫೋನ್ ಕರೆಗಳು ನಿಂತುಹೋಗುತ್ತವೆ.

ಕೊನೆಯಲ್ಲಿ ‘ಡು ಯು ಅಂಡರ್‌ಸ್ಟ್ಯಾಂಡ್?’ ಎಂದು ಕೇಳುವ ಆಸೆಯಾಗುತ್ತದೆ. ಅದಕ್ಕೆ ಬರುವ ಉತ್ತರ ನಿಮಗೆ ಗೊತ್ತೇ ಇದೆ. ಬದಲಿಗೆ ಕಾರ್ಡ್ ಅವರ ಕೈಗೆ ಕೊಟ್ಟು, ನಗುತ್ತ, ‘ಚೆಕ್-ಔಟ್, ವಾಟ್ ಟೈಮ್?’ ಎಂದು ಕೇಳಿ. `11:00` ಮೇಲೆ ಬೆರಳು ಬಿದ್ದರೆ ಸರಿಹೋಯಿತು. ತಿಂಡಿಯ ಸಮಯದ ಮೇಲೆ ಬಿದ್ದರೆ ಸೂಟ್‌ಕೇಸ್ ಚಿತ್ರ ತೋರಿಸಿ ಇನ್ನೊಮ್ಮೆ ಹೇಳಿ. ಎಲ್ಲವನ್ನೂ ಹೀಗೆ ಪರೀಕ್ಷಿಸುತ್ತ ಹೋದರೆ ಅತಿಥಿಗೆ ಶಾಲೆಯಂತಾಗುತ್ತದೆ. ಹೋಗುವ ದಿನ, ಡಿಪಾಸಿಟ್, ಚೆಕ್-ಔಟ್ ಸಮಯ ಈ ಮೂರಕ್ಕೆ ಮಾತ್ರ ಇಟ್ಟುಕೊಳ್ಳಿ.

ರೂಮ್ ಸಿದ್ಧವಾಗಿಲ್ಲದ ಹೊತ್ತಿನ ಮಾತು ಬೇರೆ. ‘ಯುವರ್ ರೂಮ್ ಈಸ್ ನಾಟ್ ರೆಡಿ ಯೆಟ್’ ಎಂದು ಶುರು ಮಾಡಿದರೆ ಅವರ ಕಿವಿಗೆ ಬೀಳುವುದು ‘ರೂಮ್’ ಮತ್ತು ‘ನಾಟ್’. ರೂಮೇ ಇಲ್ಲವೆಂದು ಗಾಬರಿಯಾಗುತ್ತಾರೆ. ಇರುವುದನ್ನು ಮೊದಲು ಹೇಳಿ, ತಡವನ್ನು ಆಮೇಲೆ:

‘ಯು ಹ್ಯಾವ್ ಎ ರೂಮ್.’
‘ವಿ ಕ್ಲೀನ್ ಇಟ್ ನೌ.’
‘ರೆಡಿ ಅಟ್ ಟೂ.’ (ಗಡಿಯಾರದಲ್ಲಿ ತೋರಿಸಿ.)
‘ಬ್ಯಾಗ್ಸ್ ಹಿಯರ್, ಓಕೆ. ಫ್ರೀ.’

ಇಷ್ಟಾದ ಮೇಲೂ ಯಾರಾದರೂ ಕೆಳಗಿಳಿದು ಬಂದು ತಮ್ಮ ಭಾಷೆಯಲ್ಲೇ ಜೋರಾಗಿ ಮಾತಾಡತೊಡಗಿದರೆ, ಏನಾಯಿತು ಎಂದು ಕೌಂಟರ್‌ನಲ್ಲೇ ನಿಂತು ಊಹಿಸಬೇಡಿ. ‘ಸಾರಿ. ಶೋ ಮೀ, ಪ್ಲೀಸ್’ ಎಂದು ಅವರ ಜೊತೆ ಹೊರಡಿ, ನಿಮಗೆ ಕೌಂಟರ್ ಬಿಡಲಾಗದಿದ್ದರೆ ‘ಹಿ ಕಮ್ಸ್ ವಿತ್ ಯು’ ಎಂದು ಒಬ್ಬರನ್ನು ಕಳಿಸಿ. ಏಸಿ ಓಡುತ್ತಿಲ್ಲವೋ, ಬಿಸಿನೀರು ಬರುತ್ತಿಲ್ಲವೋ, ಕಾರ್ಡ್ ಕೀಲಿಯನ್ನು ಗೋಡೆಯ ಖಾನೆಗೆ ಸಿಕ್ಕಿಸದೆ ದೀಪ ಹತ್ತುತ್ತಿಲ್ಲವೋ, ರೂಮಿನಲ್ಲಿ ನಿಂತರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಈ ಕೊನೆಯದು ಬಹಳ ಸಲ ಆಗುವಂಥದ್ದು. ಆದ್ದರಿಂದ ಕೀಲಿ ಕೊಡುವಾಗಲೇ ‘ಕಾರ್ಡ್ ಇನ್ ವಾಲ್. ಲೈಟ್ ಆನ್’ ಎಂದು ಕಾರ್ಡನ್ನು ಗಾಳಿಯಲ್ಲೇ ಖಾನೆಗೆ ಇಳಿಸಿದಂತೆ ಮಾಡಿ ತೋರಿಸಿಬಿಡಿ.